ನೂರು ವರ್ಷಕ್ಕೆ ಒಂದು ಪ್ಯಾರಾ: ಕರಾವಳಿಯ ಐದು ಬ್ಯಾಂಕುಗಳ ಲೆಕ್ಕ



ನಮ್ಮ ಮಕ್ಕಳ ಕನ್ನಡ ತರಗತಿಗಾಗಿ ಕರಾವಳಿಯ ಬ್ಯಾಂಕುಗಳ ನೂರು ವರ್ಷದ ಕಥೆಯನ್ನು ಒಂದೇ ಪ್ಯಾರಾದಲ್ಲಿ ಬರೆದುಕೊಡಿ ಎಂದು ಸಂಘದವರು ನನ್ನನ್ನು ಕೇಳಿದ್ದರು. ನಾನು ಚಾರ್ಟರ್ಡ್ ಅಕೌಂಟೆಂಟ್. ಬ್ಯಾಂಕು ನನಗೆ ಪರಿಚಿತ ವಿಷಯ. ಬರೆಯಲು ಕೂತಾಗ ಈ ಊರಿನಲ್ಲಿ ನಾವು ನಾಲ್ವರು ಸೇರಿದಲ್ಲೆಲ್ಲ ಕೇಳುವ ಒಂದು ಪ್ಯಾರಾ ಆಗಲೇ ಸಿದ್ಧವಾಗಿದೆ ಎಂಬುದು ಗಮನಕ್ಕೆ ಬಂತು. ಅದು ಹೀಗಿದೆ: "ನಮ್ಮ ಹಿರಿಯರು ಐದು ಬ್ಯಾಂಕು ಕಟ್ಟಿದರು. 1969ರಲ್ಲಿ ಸರ್ಕಾರ ಅವನ್ನು ಕಿತ್ತುಕೊಂಡಿತು. 2020ರಲ್ಲಿ ಹೆಸರೂ ಹೋಯಿತು. ಈಗ ನಮ್ಮದು ಅಂತ ಏನೂ ಉಳಿದಿಲ್ಲ."

ನಾಲ್ಕೇ ವಾಕ್ಯ, ನೆನಪಿಡಲು ಸುಲಭ, ಮನಸ್ಸಿಗೂ ನಾಟುತ್ತದೆ. ಆದರೆ ಇದು ಲೆಕ್ಕಕ್ಕೆ ತಾಳೆಯಾಗುವುದಿಲ್ಲ. ಎಲ್ಲಿ ತಾಳೆಯಾಗುವುದಿಲ್ಲ, ತಾಳೆಯಾಗುವ ಪ್ಯಾರಾವನ್ನು ಬರೆಯುವುದು ಹೇಗೆ ಎಂಬುದೇ ಇಂದಿನ ನನ್ನ ಮಾತು.

ನಮ್ಮ ವೃತ್ತಿಯಲ್ಲಿ ಯಾವುದೇ ಖಾತೆಯನ್ನು ನೋಡುವ ಕ್ರಮ ಒಂದೇ. ಮೊದಲು ಆರಂಭದ ಶಿಲ್ಕು, ನಡುವೆ ಬಂದದ್ದು ಮತ್ತು ಹೋದದ್ದು, ಕೊನೆಗೆ ಅಖೈರು ಶಿಲ್ಕು. ನಡುವಿನ ಪ್ರತಿಯೊಂದು ನಮೂದಿಗೂ ಒಂದು ರಸೀದಿ ಬೇಕು. ನೂರು ವರ್ಷದ ಇತಿಹಾಸವನ್ನು ಒಂದು ಪ್ಯಾರಾಕ್ಕೆ ಇಳಿಸುವುದಕ್ಕೂ ಇದೇ ಕ್ರಮ ಸಾಕು. ಶುರುವಿನಲ್ಲಿ ಏನಿತ್ತು, ಕೊನೆಯಲ್ಲಿ ಏನಿದೆ, ಬದಲಾದದ್ದು ಯಾಕೆ ಬದಲಾಯಿತು, ಉಳಿದದ್ದು ಯಾಕೆ ಉಳಿಯಿತು ಎಂಬ ನಾಲ್ಕು ಪ್ರಶ್ನೆಗೆ ಉತ್ತರ ಬೇಕು. ನಮ್ಮ ಬಾಯಿಮಾತಿನ ಪ್ಯಾರಾಗಳು ಸಾಮಾನ್ಯವಾಗಿ ಮೂರನೆಯದಕ್ಕೆ ಮಾತ್ರ ಉತ್ತರ ಕೊಡುತ್ತವೆ, ಅದೂ ಒಂದೇ ಇಸವಿಯಲ್ಲಿ.

ಮೊದಲ ಕೆಲಸ ದಿನಾಂಕ ಗೊತ್ತುಮಾಡುವುದು. ಇದು ಸಣ್ಣ ವಿಷಯವಾಗಿ ಕಾಣುತ್ತದೆ, ಆದರೆ ಕಥೆಯ ಅರ್ಧ ಇಲ್ಲೇ ತೀರ್ಮಾನವಾಗುತ್ತದೆ. ಈ ಐದು ಬ್ಯಾಂಕುಗಳು ಹುಟ್ಟಿದ್ದು 1906ರಿಂದ 1931ರ ನಡುವಿನ ಕಾಲು ಶತಮಾನದಲ್ಲಿ. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ ಆರಂಭಿಸಿದರು. ಅದೇ ಮುಂದಿನ ಕಾರ್ಪೊರೇಷನ್ ಬ್ಯಾಂಕ್. ಅದೇ ವರ್ಷ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರು ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಶುರುಮಾಡಿದರು. 1910ರಲ್ಲಿ ಅದು ಕೆನರಾ ಬ್ಯಾಂಕ್ ಆಯಿತು. 1924ರಲ್ಲಿ ಮಂಗಳೂರಿನಲ್ಲಿ ಕರ್ನಾಟಕ ಬ್ಯಾಂಕ್ ಬಂತು. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಸೇರಿ ಕಟ್ಟಿದ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1931ರಲ್ಲಿ ಎ.ಬಿ. ಶೆಟ್ಟಿಯವರ ಮುಂದಾಳತ್ವದಲ್ಲಿ ಮಂಗಳೂರಿನಲ್ಲಿ ವಿಜಯಾ ಬ್ಯಾಂಕ್ ಹುಟ್ಟಿತು.

ಈಗ ನಾನು 1906ರಿಂದ 2006ರವರೆಗಿನ ನೂರು ವರ್ಷವನ್ನು ಆರಿಸಿಕೊಂಡರೆ, ಕೊನೆಯ ದಿನ ಐದೂ ಹೆಸರುಗಳು ಜೀವಂತ. ಅದು ಗೆಲುವಿನ ಕಥೆ. 1920ರಿಂದ 2020ರವರೆಗಿನ ನೂರು ವರ್ಷವನ್ನು ಆರಿಸಿಕೊಂಡರೆ, ಕೊನೆಯ ದಿನ ಮೂರು ಹೆಸರು ಇಲ್ಲ. ಅದು ನಷ್ಟದ ಕಥೆ. ಎರಡರಲ್ಲೂ ಒಂದು ಸುಳ್ಳೂ ಇಲ್ಲ. ವಹಿಯನ್ನು ಮುಚ್ಚಿದ ದಿನಾಂಕ ಮಾತ್ರ ಬೇರೆ. ಆದ್ದರಿಂದ ಪ್ಯಾರಾದ ಮೊದಲ ವಾಕ್ಯದಲ್ಲೇ ಎಲ್ಲಿಂದ ಎಲ್ಲಿಯವರೆಗೆ ಎಂದು ಹೇಳಿಬಿಡಬೇಕು. ನಾನು ಎರಡನೆಯದನ್ನು ಆರಿಸಿಕೊಂಡಿದ್ದೇನೆ: 1920ರ ಏಪ್ರಿಲ್ 1ರಿಂದ 2020ರ ಏಪ್ರಿಲ್ 1ರವರೆಗೆ. ಕಷ್ಟದ ಪ್ರಶ್ನೆ ಅದರೊಳಗೇ ಇದೆ.

ಆರಂಭದ ಶಿಲ್ಕನ್ನು ನೋಡೋಣ. 1920ರಲ್ಲಿ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದ ಒಂದು ಜಿಲ್ಲೆ. ಐದರಲ್ಲಿ ಎರಡು ಮಾತ್ರ ಹುಟ್ಟಿವೆ. ಅವುಗಳ ಗಾತ್ರವನ್ನು ಊಹಿಸಲು ಒಂದು ಅಂಕಿ ಸಾಕು. ಉಡುಪಿಯ ಬ್ಯಾಂಕು 1906ರಲ್ಲಿ ಬಾಗಿಲು ತೆರೆದ ಮೊದಲ ದಿನ ಸಂಜೆ ಅದರ ಬಳಿ ಇದ್ದದ್ದು 38 ರೂಪಾಯಿ 13 ಆಣೆ 2 ಪೈ. ರಿಸರ್ವ್ ಬ್ಯಾಂಕ್ ಇನ್ನೂ ಇಲ್ಲ, ಅದು ಬರುವುದು 1935ರಲ್ಲಿ. ಠೇವಣಿಗೆ ವಿಮೆ ಇಲ್ಲ. ಬ್ಯಾಂಕು ಮುಳುಗಿದರೆ ಠೇವಣಿ ಇಟ್ಟವನೂ ಮುಳುಗಿದ. ಹಾಗಾದರೆ ಜನ ಯಾವ ಧೈರ್ಯದ ಮೇಲೆ ಹಣ ಇಡುತ್ತಿದ್ದರು? ನಡೆಸುವವರ ಮುಖ ನೋಡಿ. ಯಾರ ಮಗ, ಯಾವ ಮನೆ, ಎಂಥ ವ್ಯವಹಾರ ಎಂಬುದು ಊರಿಗೆ ಗೊತ್ತಿತ್ತು. ಬಂಡವಾಳ, ಆಡಳಿತ, ನಂಬಿಕೆ ಮೂರೂ ಒಂದೇ ಊರಿನ ಒಳಗಿದ್ದವು.

ಅಖೈರು ಶಿಲ್ಕು 2020ರ ಏಪ್ರಿಲ್ 1ರದ್ದು. ವಿಜಯಾ ಬ್ಯಾಂಕ್ ಅದಕ್ಕೆ ಸರಿಯಾಗಿ ಒಂದು ವರ್ಷ ಮೊದಲು ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿಹೋಗಿದೆ. ಈ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲೂ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕ್ ಆಫ್ ಇಂಡಿಯಾದಲ್ಲೂ ಸೇರಿದವು. ಕೆನರಾದ ಹೆಸರು ಉಳಿದು ಇನ್ನೂ ದೊಡ್ಡದಾಯಿತು, ಆದರೆ ಅದರ ಪ್ರಧಾನ ಕಚೇರಿ ಬೆಂಗಳೂರಿನಲ್ಲಿದೆ, ಒಡೆತನದ ಹೆಚ್ಚಿನ ಪಾಲು ಕೇಂದ್ರ ಸರ್ಕಾರದ್ದು. ಹುಟ್ಟಿದ ಹೆಸರು, ಹುಟ್ಟಿದ ಊರಿನ ಪ್ರಧಾನ ಕಚೇರಿ, ಖಾಸಗಿ ಒಡೆತನ ಮೂರನ್ನೂ ಉಳಿಸಿಕೊಂಡದ್ದು ಮಂಗಳೂರಿನ ಕರ್ನಾಟಕ ಬ್ಯಾಂಕ್ ಒಂದೇ.

ಈಗ ನಡುವಿನ ನಮೂದುಗಳಿಗೆ ಬರೋಣ. ಬಾಯಿಮಾತಿನ ಪ್ಯಾರಾ ಎಲ್ಲವನ್ನೂ 1969ರ ಖಾತೆಗೆ ಹಾಕುತ್ತದೆ. ಪರೀಕ್ಷಿಸಿ ನೋಡೋಣ. 1969ರ ಜುಲೈ 19ರಂದು 50 ಕೋಟಿ ರೂಪಾಯಿಗಿಂತ ಹೆಚ್ಚು ಠೇವಣಿ ಇದ್ದ 14 ಬ್ಯಾಂಕುಗಳು ರಾಷ್ಟ್ರೀಕರಣವಾದವು. ನಮ್ಮ ಐದರಲ್ಲಿ ಕೆನರಾ ಮತ್ತು ಸಿಂಡಿಕೇಟ್ ಮಾತ್ರ ಆ ಪಟ್ಟಿಯಲ್ಲಿದ್ದವು. ಕಾರ್ಪೊರೇಷನ್ ಮತ್ತು ವಿಜಯಾ ಬ್ಯಾಂಕುಗಳ ಸರದಿ ಬಂದದ್ದು 1980ರ ಏಪ್ರಿಲ್ 15ರಂದು, ಮಿತಿಯನ್ನು 200 ಕೋಟಿಗೆ ಇಟ್ಟು ಇನ್ನೂ 6 ಬ್ಯಾಂಕುಗಳನ್ನು ತೆಗೆದುಕೊಂಡಾಗ. ಎರಡು ಸಲವೂ ಮಿತಿಯ ಕೆಳಗಿದ್ದ ಕರ್ನಾಟಕ ಬ್ಯಾಂಕ್ ಖಾಸಗಿಯಾಗಿ ಉಳಿಯಿತು. ಅದು ಉಳಿದ ಕಾರಣವನ್ನು ಕೆಲವರು ಹಟ ಎಂದೂ ಕೆಲವರು ಅದೃಷ್ಟ ಎಂದೂ ಹೇಳುತ್ತಾರೆ. ಆ ಎರಡು ದಿನಗಳ ಮಟ್ಟಿಗೆ ಅದನ್ನು ಕಾಪಾಡಿದ್ದು ಅದರ ಚಿಕ್ಕ ಗಾತ್ರ.

"ಸರ್ಕಾರ ತೆಗೆದುಕೊಂಡದ್ದರಿಂದ ಬ್ಯಾಂಕು ಊರು ಬಿಟ್ಟಿತು" ಎಂಬ ಮಾತು ನಿಜವಾಗಿದ್ದರೆ, ರಾಷ್ಟ್ರೀಕರಣ ಮೊದಲು, ಊರು ಬಿಟ್ಟದ್ದು ಆಮೇಲೆ ಎಂಬ ಕ್ರಮ ಎಲ್ಲ ಬ್ಯಾಂಕಿನಲ್ಲೂ ಕಾಣಬೇಕು. ವಿಜಯಾ ಬ್ಯಾಂಕ್ ತನ್ನ ಪ್ರಧಾನ ಕಚೇರಿಯನ್ನು ಬೆಂಗಳೂರಿಗೆ ಒಯ್ದದ್ದು 1969ರ ನವೆಂಬರಿನಲ್ಲಿ. ಆಗ ಅದು ಖಾಸಗಿ ಬ್ಯಾಂಕು. ಇನ್ನೂ ಹತ್ತು ವರ್ಷ ಖಾಸಗಿಯಾಗಿಯೇ ಇತ್ತು. ಇನ್ನೊಂದು ಕಡೆ, 1969ರಲ್ಲೇ ರಾಷ್ಟ್ರೀಕರಣವಾದ ಸಿಂಡಿಕೇಟಿನ ಪ್ರಧಾನ ಕಚೇರಿ ಮಣಿಪಾಲದಲ್ಲಿ, 1980ರಲ್ಲಿ ರಾಷ್ಟ್ರೀಕರಣವಾದ ಕಾರ್ಪೊರೇಷನ್ ಬ್ಯಾಂಕಿನದು ಮಂಗಳೂರಿನಲ್ಲಿ, ವಿಲೀನದ ಹಿಂದಿನ ದಿನದವರೆಗೂ ಇದ್ದವು. ಸಿಂಡಿಕೇಟಿಗೆ ಬೆಂಗಳೂರಿನಲ್ಲಿ ಕಾರ್ಪೊರೇಟ್ ಕಚೇರಿ ಇತ್ತು ನಿಜ, ಆದರೆ ಪ್ರಧಾನ ಕಚೇರಿಯ ಫಲಕ ಮಣಿಪಾಲದ್ದೇ. ಹೀಗೆ ಖಾಸಗಿಯಾಗಿದ್ದದ್ದು ಹೋಯಿತು, ಸರ್ಕಾರದ್ದಾದದ್ದು ಉಳಿಯಿತು. ಒಡೆತನ ಮತ್ತು ನೆಲೆ ಎರಡು ಬೇರೆ ಬೇರೆ ಖಾತೆಗಳು. ಒಂದರ ನಮೂದನ್ನು ಇನ್ನೊಂದರಲ್ಲಿ ಬರೆಯಲಾಗದು.

ಹಾಗೆಂದು 1969ಕ್ಕೆ ಪೂರ್ತಿ ಖುಲಾಸೆ ಕೊಡುವಂತೆಯೂ ಇಲ್ಲ. ರಾಷ್ಟ್ರೀಕರಣದ ಕಾಯ್ದೆಗಳಲ್ಲೇ, ರಿಸರ್ವ್ ಬ್ಯಾಂಕಿನೊಂದಿಗೆ ಸಮಾಲೋಚಿಸಿ ಒಂದು ಬ್ಯಾಂಕನ್ನು ಇನ್ನೊಂದರಲ್ಲಿ ಸೇರಿಸುವ ಯೋಜನೆ ಮಾಡುವ ಅಧಿಕಾರ ಕೇಂದ್ರ ಸರ್ಕಾರಕ್ಕೆ ಇದೆ. 2019ರ ಆಗಸ್ಟ್ ಕೊನೆಯಲ್ಲಿ ದೆಹಲಿಯಲ್ಲಿ ಪ್ರಕಟವಾದದ್ದು ಮುಂದಿನ ಏಪ್ರಿಲಿನಲ್ಲಿ ಜಾರಿಯಾದದ್ದು ಆ ದಾರಿಯಿಂದ. ಅಂದರೆ ರಾಷ್ಟ್ರೀಕರಣ ಬ್ಯಾಂಕನ್ನು ಊರಿನಿಂದ ಎಬ್ಬಿಸಲಿಲ್ಲ, ಎಬ್ಬಿಸುವ ಅಧಿಕಾರವನ್ನು ದೆಹಲಿಗೆ ಕೊಟ್ಟಿತು. ಆ ಅಧಿಕಾರ ಕಾರ್ಪೊರೇಷನ್ ಬ್ಯಾಂಕಿನ ಮೇಲೆ ಬಳಕೆಯಾಗಲು 40 ವರ್ಷ ಹಿಡಿಯಿತು. ಕಾರಣ ಎಂಬುದಕ್ಕೂ ದಾರಿ ತೆರೆಯುವುದು ಎಂಬುದಕ್ಕೂ ಇರುವ ಈ ವ್ಯತ್ಯಾಸವನ್ನು ಚಿಕ್ಕ ಪ್ಯಾರಾದಲ್ಲೂ ಉಳಿಸಿಕೊಳ್ಳಬಹುದು. "ಇದರಿಂದ ಅದಾಯಿತು" ಎನ್ನುವಲ್ಲಿ "ಇದು ಅದಕ್ಕೆ ದಾರಿಮಾಡಿತು" ಎಂದು ಬರೆದರೆ ಸಾಕು.

ಬಾಯಿಮಾತಿನ ಪ್ಯಾರಾದಲ್ಲಿ ಪೂರ್ತಿಯಾಗಿ ಬಿಟ್ಟುಹೋದ ಒಂದು ನಮೂದು ಇದೆ, ಅದು 1960ರ ದಶಕದ್ದು. 1960ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕ್ ಕುಸಿದು ಬಿತ್ತು. ಮುಖ ನೋಡಿ ಹಣ ಇಡುವ ಪದ್ಧತಿಗೆ ಅದು ದೊಡ್ಡ ಪೆಟ್ಟು. ಅದೇ ವರ್ಷ ಕಾನೂನು ತಿದ್ದುಪಡಿಯಾಗಿ, ದುರ್ಬಲ ಬ್ಯಾಂಕುಗಳನ್ನು ಬಲವುಳ್ಳವುಗಳಲ್ಲಿ ಸೇರಿಸುವ ದಾರಿ ರಿಸರ್ವ್ ಬ್ಯಾಂಕಿಗೆ ಸುಲಭವಾಯಿತು. 1962ರ ಜನವರಿ 1ರಿಂದ ಠೇವಣಿ ವಿಮೆ ಬಂತು. ಅಲ್ಲಿಂದ ಮುಂದೆ ಠೇವಣಿದಾರನ ಧೈರ್ಯಕ್ಕೆ ಊರಿನ ಹಿರಿಯರ ಮುಖದ ಜೊತೆಗೆ ಸರ್ಕಾರದ ವಿಮೆಯೂ ಆಧಾರವಾಯಿತು. ನನ್ನ ಮಟ್ಟಿಗೆ ಈ ನೂರು ವರ್ಷದ ಅತಿ ದೊಡ್ಡ ಬದಲಾವಣೆ ಇದೇ, ಯಾಕೆಂದರೆ ಮುಂದಿನ ಎಲ್ಲ ನಮೂದುಗಳೂ ಇದೇ ದಿಕ್ಕಿನಲ್ಲಿ ಹೋಗುತ್ತವೆ.

ಆ ದಶಕದಲ್ಲಿ ಸಣ್ಣ ಬ್ಯಾಂಕುಗಳು ಸಾಲಾಗಿ ಮಾಯವಾದವು. ಅವನ್ನು ಸೇರಿಸಿಕೊಂಡವರು ಯಾರು? ನಮ್ಮವರೇ. ವಿಜಯಾ ಬ್ಯಾಂಕ್ ಒಂಬತ್ತು ಸಣ್ಣ ಬ್ಯಾಂಕುಗಳನ್ನು ಸೇರಿಸಿಕೊಂಡಿತು. ಶೃಂಗೇರಿ ಶಾರದಾ ಬ್ಯಾಂಕ್ ಮತ್ತು ಚಿತ್ರದುರ್ಗ ಬ್ಯಾಂಕ್ ಕರ್ನಾಟಕ ಬ್ಯಾಂಕಿನಲ್ಲಿ ಸೇರಿದವು. ಬ್ಯಾಂಕ್ ಆಫ್ ಕೇರಳ ಕೆನರಾದಲ್ಲಿ ಸೇರಿತು. ಶೃಂಗೇರಿಯವರಿಗೂ ಚಿತ್ರದುರ್ಗದವರಿಗೂ ತಮ್ಮ ಊರಿನ ಹೆಸರಿನ ಬ್ಯಾಂಕು ಹೋದದ್ದು ನಾವು ಹುಟ್ಟುವ ಮೊದಲೇ. ಅವರ ಪ್ಯಾರಾದಲ್ಲಿ ಊರಿನ ಬ್ಯಾಂಕನ್ನು ನುಂಗಿದವರು ಮಂಗಳೂರಿನವರು. ಹಾಗಾಗಿ ದೊಡ್ಡದರಲ್ಲಿ ಚಿಕ್ಕದು ಸೇರುವುದು 2019ರಲ್ಲಿ ಹೊಸದಾಗಿ ಬಂದ ವಿಪತ್ತು ಎಂದು ಬರೆದರೆ ತಪ್ಪಾಗುತ್ತದೆ. ಅದು 60 ವರ್ಷದಿಂದ ನಡೆಯುತ್ತಲೇ ಇತ್ತು. 2019ರಲ್ಲಿ ನಾವು ಸೇರಿಸಿಕೊಳ್ಳುವ ಕಡೆಯಿಂದ ಸೇರಿಹೋಗುವ ಕಡೆಗೆ ಬಂದೆವು.

ಇನ್ನು ಉಳಿದದ್ದರ ಲೆಕ್ಕ. ಇದನ್ನು ಬರೆಯುವಾಗಲೇ ಜನ ಹೆಚ್ಚು ಎಡವುತ್ತಾರೆ. ಬದಲಾದದ್ದಕ್ಕೆ ಕಾರಣ ಹುಡುಕುತ್ತೇವೆ, ಉಳಿದದ್ದನ್ನು ಮಾತ್ರ "ನಮ್ಮ ಸಂಸ್ಕೃತಿ" ಎಂದು ಹೇಳಿ ಮುಗಿಸುತ್ತೇವೆ. ಉಳಿಯುವುದಕ್ಕೂ ಕಾರಣ ಬೇಕು, ಯಾರೋ ಉಳಿಸಬೇಕು.

ಪಿಗ್ಮಿಯನ್ನು ತೆಗೆದುಕೊಳ್ಳೋಣ. 1928ರಲ್ಲಿ ಮುಂದೆ ಸಿಂಡಿಕೇಟ್ ಆದ ಬ್ಯಾಂಕು ಇದನ್ನು ಶುರುಮಾಡಿತು. ಏಜೆಂಟ್ ಮನೆ ಬಾಗಿಲಿಗೆ, ಅಂಗಡಿ ಬಾಗಿಲಿಗೆ ಬಂದು ದಿನಕ್ಕೆ ಎರಡು ಆಣೆಯಷ್ಟು ಸಣ್ಣ ಮೊತ್ತವನ್ನೂ ಪಡೆದು ಪುಸ್ತಕದಲ್ಲಿ ಬರೆಯುತ್ತಿದ್ದ. ತಿಂಗಳ 30 ದಿನವೂ ಕಟ್ಟಿದರೆ 60 ಆಣೆ, ಅಂದರೆ 3 ರೂಪಾಯಿ 12 ಆಣೆ. ಇಂದಿಗೂ ಕರಾವಳಿಯ ಪೇಟೆಗಳಲ್ಲಿ ಸಹಕಾರಿ ಸಂಘಗಳ ಪಿಗ್ಮಿಯವರು ಕೈಯಲ್ಲಿ ಸಣ್ಣ ಯಂತ್ರ ಹಿಡಿದು ಅಂಗಡಿಯಿಂದ ಅಂಗಡಿಗೆ ಹೋಗುವುದನ್ನು ರಜೆಯಲ್ಲಿ ಊರಿಗೆ ಹೋದಾಗ ನೀವೂ ನೋಡಿರುತ್ತೀರಿ.

ಇದು ನೂರು ವರ್ಷ ಉಳಿದ ವಸ್ತುವೇ? ಲೆಕ್ಕಕ್ಕೆ ಹಿಡಿದರೆ, ಅಲ್ಲ. 1920ರ ಆರಂಭದ ಶಿಲ್ಕಿನಲ್ಲಿ ಪಿಗ್ಮಿ ಇಲ್ಲ, ಅದು ಎಂಟು ವರ್ಷದ ನಂತರ ಬಂತು. ಎರಡೂ ತುದಿಯಲ್ಲಿ ಇರುವುದನ್ನು ಮಾತ್ರ "ಉಳಿದದ್ದು" ಎಂದು ಬರೆಯಬಹುದು. ಎರಡೂ ತುದಿಯಲ್ಲಿ ಇರುವುದು ಪಿಗ್ಮಿಯ ಕೆಳಗಿರುವ ಅಗತ್ಯ. ಮೀನು ಮಾರುವವರು, ಬೀಡಿ ಕಟ್ಟುವವರು, ಗೂಡಂಗಡಿಯವರು, ಆಟೋದವರು ತಿಂಗಳ ಸಂಬಳದವರಲ್ಲ. ಅವರ ಕೈಗೆ ದಿನದ ದುಡ್ಡು ಬರುತ್ತದೆ, ಆ ದಿನವೇ ಖರ್ಚಾಗುವ ಭಯವಿರುತ್ತದೆ, ಬ್ಯಾಂಕಿಗೆ ಹೋದರೆ ಅರ್ಧ ದಿನದ ವ್ಯಾಪಾರ ಹೋಗುತ್ತದೆ. 1920ರಲ್ಲೂ ದಿನದ ದುಡಿಮೆಯವರ ಸ್ಥಿತಿ ಹೀಗೇ ಇತ್ತು. ದುಡಿಮೆಯ ಆ ರೂಪ ಉಳಿದದ್ದರಿಂದ ಅದಕ್ಕೆ ಹೊಂದುವ ಉಳಿತಾಯವೂ ಉಳಿಯಿತು.

ಅದು ತಾನಾಗಿಯೂ ಉಳಿಯಲಿಲ್ಲ. ಕಮಿಷನ್ ಮೇಲೆ ದುಡಿಯುವ ಪಿಗ್ಮಿ ಏಜೆಂಟರು ಕಾರ್ಮಿಕರೋ ಅಲ್ಲವೋ ಎಂಬ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2001ರಲ್ಲಿ ನ್ಯಾಯಾಲಯ ಅವರು ಕಾರ್ಮಿಕರೇ ಎಂದು ಹೇಳಿತು. ನಿರಂತರವಾಗಿ ಕಾಣುವ ಪದ್ಧತಿಯೊಂದರ ಹಿಂದೆ, ದಿನವೂ ನಡೆದು ಹಣ ಸಂಗ್ರಹಿಸಿದ ಜನರ ಇಂಥ ಹೋರಾಟ ಇರುತ್ತದೆ.

ಇಷ್ಟನ್ನು ಕೂಡಿಸಿ, ತರಗತಿಗೆ ನಾನು ಬರೆದುಕೊಟ್ಟ ಪ್ಯಾರಾ ಇದು:

"1920ರಿಂದ 2020ರವರೆಗಿನ ನೂರು ವರ್ಷದಲ್ಲಿ ದಕ್ಷಿಣ ಕನ್ನಡದ ಬ್ಯಾಂಕುಗಳು ಊರಿನವರ ಕೈಯಿಂದ ದೂರದವರ ಕೈಗೆ ಹೋದವು. ಮೊದಲು ಅವು ಚಿಕ್ಕವು. ಬಂಡವಾಳ, ಆಡಳಿತ, ನಂಬಿಕೆ ಎಲ್ಲವೂ ಊರಿನದ್ದೇ. 1931ರ ಹೊತ್ತಿಗೆ, ಮುಂದೆ ದೇಶವೆಲ್ಲ ಹರಡಿದ ಐದು ಬ್ಯಾಂಕುಗಳು ಇಲ್ಲಿ ಹುಟ್ಟಿದ್ದವು. 1960ರಲ್ಲಿ ಕೇರಳದ ಒಂದು ಬ್ಯಾಂಕು ಕುಸಿದ ಮೇಲೆ ಠೇವಣಿಗೆ ವಿಮೆ ಬಂತು, ಸಣ್ಣ ಬ್ಯಾಂಕುಗಳು ದೊಡ್ಡವುಗಳಲ್ಲಿ ಸೇರತೊಡಗಿದವು. ನಮ್ಮ ಬ್ಯಾಂಕುಗಳೂ ಬೇರೆ ಊರಿನವನ್ನು ಸೇರಿಸಿಕೊಂಡವು. 1969 ಮತ್ತು 1980ರ ರಾಷ್ಟ್ರೀಕರಣ ಐದರಲ್ಲಿ ನಾಲ್ಕರ ಒಡೆತನವನ್ನು ಸರ್ಕಾರಕ್ಕೆ ಕೊಟ್ಟು, 2019 ಮತ್ತು 2020ರ ವಿಲೀನಕ್ಕೆ ದಾರಿಮಾಡಿತು. ಆಗ ಮೂರು ಹೆಸರುಗಳು ಅಳಿದವು. ಆದರೆ ದಿನದ ದುಡಿಮೆಯ ಜನ ಉಳಿದದ್ದರಿಂದ ಅವರ ದಿನದ ಸಣ್ಣ ಉಳಿತಾಯವೂ ಉಳಿಯಿತು. ಅದನ್ನು ಬಾಗಿಲಿಗೆ ಬಂದು ಪಡೆಯುವ 1928ರ ಪಿಗ್ಮಿ ಪದ್ಧತಿ ಇಂದಿಗೂ ನಡೆಯುತ್ತಿದೆ."

ಹತ್ತು ವಾಕ್ಯ. ಮೊದಲನೆಯದರಲ್ಲಿ ಕಾಲ ಮತ್ತು ಮುಖ್ಯ ಬದಲಾವಣೆ, ಮುಂದಿನ ಎರಡರಲ್ಲಿ ಆರಂಭದ ಶಿಲ್ಕು, ನಡುವಿನ ಐದರಲ್ಲಿ ನಮೂದುಗಳು ಮತ್ತು ಅವುಗಳ ಕಾರಣ, ಕೊನೆಯ ಎರಡರಲ್ಲಿ ಉಳಿದದ್ದು ಮತ್ತು ಅದರ ಕಾರಣ. ನೀವು ನಿಮ್ಮ ಊರಿನ ಹಂಚಿನ ಕಾರ್ಖಾನೆಯ ಬಗ್ಗೆಯೋ ಬಂದರಿನ ಬಗ್ಗೆಯೋ ಬರೆದರೂ ಎರಡು ಪರೀಕ್ಷೆ ಮಾಡಿ. ಯಾವುದಾದರೂ ಒಂದು ವಾಕ್ಯವನ್ನು ತೆಗೆದುಹಾಕಿದಾಗ ಮುಂದಿನ ವಾಕ್ಯಕ್ಕೆ ಏನೂ ಆಗದಿದ್ದರೆ, ಅದು ಅಲಂಕಾರಕ್ಕೆ ಬಂದದ್ದು, ಬಿಟ್ಟುಬಿಡಿ. "ಆದ್ದರಿಂದ" ಎಂದು ಬರೆದಲ್ಲೆಲ್ಲ ಹಾಗಾಗದ ಒಂದು ಉದಾಹರಣೆ ಇದೆಯೇ ಎಂದು ಹುಡುಕಿ. ವಿಜಯಾ ಬ್ಯಾಂಕಿನ 1969ರ ನವೆಂಬರಿನಂಥದು ಸಿಕ್ಕರೆ ವಾಕ್ಯ ಬದಲಾಗಬೇಕು.

ಈ ಪ್ಯಾರಾಕ್ಕೂ ಮಿತಿಯಿದೆ. ಯಾವ ಸಮುದಾಯದವರು ಯಾವ ಬ್ಯಾಂಕು ಕಟ್ಟಿದರು, ಸಾಲ ಯಾರಿಗೆ ಸುಲಭವಾಗಿ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎಂಬುದು ಇದರೊಳಗೆ ಬಂದಿಲ್ಲ. ಸಾಲ ಪಡೆದವರ ಕಡೆಯಿಂದ ಬರೆದರೆ ರಾಷ್ಟ್ರೀಕರಣದ ವಾಕ್ಯದ ಧಾಟಿಯೇ ಬೇರೆಯಾದೀತು. ಹಿಂದೆ ಬ್ಯಾಂಕಿನ ಮೆಟ್ಟಿಲು ಹತ್ತದ ಎಷ್ಟೋ ಮನೆಗಳಿಗೆ ಸರ್ಕಾರಿ ಬ್ಯಾಂಕೇ ಮೊದಲ ಬ್ಯಾಂಕು. ನಮ್ಮ ಕಥೆಯೂ ಇಲ್ಲಿಲ್ಲ. ಅನಿವಾಸಿಗಳ ಎನ್‌ಆರ್‌ಇ ಖಾತೆ 1970ರಲ್ಲಿ ಬಂದ ನಂತರ ಕೊಲ್ಲಿಯಿಂದ ಆ ಶಾಖೆಗಳಿಗೆ ಹರಿದ ಹಣ ಇನ್ನೊಂದೇ ಪ್ಯಾರಾಕ್ಕೆ ಆಗುವಷ್ಟಿದೆ. ಅದನ್ನು ಬರೆಯಬೇಕಾದವರು ಈ ಸಭೆಯಲ್ಲೇ ಕೂತಿದ್ದಾರೆ. 1980ರ ಪಾಸ್‌ಬುಕ್ ಮನೆಯಲ್ಲಿದ್ದರೆ ಎಸೆಯಬೇಡಿ, ಆರಂಭದ ಶಿಲ್ಕು ಅದರಲ್ಲಿರುತ್ತದೆ.